ಕರಗದ ಕಲ್ಲು ನೀರಿಗೆ ಎಷ್ಟು ಫ್ಲೋರೈಡ್ ಬಿಡುತ್ತದೆ?

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಕೊಳವೆ ಬಾವಿ ಕೊರೆಸಿದ ಮೇಲೆ ನೀರು ಎಷ್ಟು ಇಂಚು ಬಂತು ಎಂದು ಕೇಳಿದರೆ ಸಾಲದು, ಫ್ಲೋರೈಡ್ ಎಷ್ಟಿದೆ ಎಂದೂ ಕೇಳಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟುತ್ತದೆ. ಪ್ರಮಾಣ ಇನ್ನೂ ಏರಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ.

ಈ ಫ್ಲೋರೈಡ್ ಬರುವುದು ನೆಲದಡಿಯ ಕಲ್ಲಿನಿಂದಲೇ. ಗ್ರಾನೈಟ್ ಬಂಡೆಯಲ್ಲಿ ಫ್ಲೋರೈಡ್ ಹೊತ್ತ ಖನಿಜಗಳು ಹಲವಿವೆ. ಅವುಗಳಲ್ಲಿ ಒಂದು ಫ್ಲೋರೈಟ್, ಅಂದರೆ ಕ್ಯಾಲ್ಷಿಯಂ ಫ್ಲೋರೈಡ್, CaF₂. ಪಠ್ಯಪುಸ್ತಕಗಳು ಇದನ್ನು ‘ಅತ್ಯಲ್ಪವಾಗಿ ಕರಗುವ ಲವಣ’ಗಳ ಸಾಲಿಗೆ ಸೇರಿಸುತ್ತವೆ. ಅಡುಗೆ ಉಪ್ಪು ಒಂದು ಲೀಟರ್ ನೀರಿನಲ್ಲಿ ಸುಮಾರು 360 ಗ್ರಾಂ ಕರಗುತ್ತದೆ. ಫ್ಲೋರೈಟ್ ಒಂದು ಚಿಟಿಕೆಯಷ್ಟೂ ಕರಗುವುದಿಲ್ಲ. ಹಾಗಿದ್ದ ಮೇಲೆ ಅದು ನೀರನ್ನು ಕೆಡಿಸುವಷ್ಟು ಫ್ಲೋರೈಡ್ ಬಿಡುವುದು ಹೇಗೆ? ಒಂದು ಸಣ್ಣ ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ.

ಫ್ಲೋರೈಟ್ ಪುಡಿಯನ್ನು ಶುದ್ಧ ನೀರಿಗೆ ಹಾಕಿ ಸಾಕಷ್ಟು ಕಾಲ ಬಿಟ್ಟೆವು ಎನ್ನಿ. ಹರಳಿನಿಂದ ಅಯಾನುಗಳು ಬಿಟ್ಟುಕೊಂಡು ನೀರಿಗೆ ಬರುತ್ತವೆ. ನೀರಿನಲ್ಲಿದ್ದ ಅಯಾನುಗಳು ಮತ್ತೆ ಹರಳಿಗೆ ಹೋಗಿ ಕೂರುತ್ತವೆ. ಬರುವುದೂ ಹೋಗುವುದೂ ಸಮವಾದಾಗ ದ್ರಾವಣ ಸಂತೃಪ್ತವಾಯಿತು ಎನ್ನುತ್ತೇವೆ. ತಳದಲ್ಲಿ ಎಷ್ಟೇ ಪುಡಿ ಉಳಿದಿದ್ದರೂ ಅಲ್ಲಿಂದ ಮುಂದೆ ನೀರಿನಲ್ಲಿರುವ ಪ್ರಮಾಣ ಏರುವುದಿಲ್ಲ. ಈ ಸ್ಥಿತಿಯನ್ನು ಹೀಗೆ ಬರೆಯುತ್ತಾರೆ:

CaF₂ ⇌ Ca²⁺ + 2F⁻

ಆಗ ಕ್ಯಾಲ್ಷಿಯಂ ಅಯಾನಿನ ಸಾಂದ್ರತೆಯನ್ನು ಫ್ಲೋರೈಡ್ ಅಯಾನಿನ ಸಾಂದ್ರತೆಯ ವರ್ಗದಿಂದ ಗುಣಿಸಿದರೆ ಬರುವ ಸಂಖ್ಯೆ, ಒಂದು ನಿಗದಿತ ಉಷ್ಣಾಂಶದಲ್ಲಿ, ಬದಲಾಗುವುದಿಲ್ಲ. ಇದೇ ವಿಲೇಯತಾ ಗುಣಲಬ್ಧ, Ksp. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕ್ಯಾಲ್ಷಿಯಂ ಫ್ಲೋರೈಡಿಗೆ ಇದರ ಬೆಲೆ 3.45 × 10⁻¹¹ ಎಂದು ಇಟ್ಟುಕೊಳ್ಳೋಣ.

Ksp = [Ca²⁺] × [F⁻]² = 3.45 × 10⁻¹¹

ಚೌಕ ಕಂಸ ಸೂಚಿಸುವುದು ಲೀಟರಿಗೆ ಎಷ್ಟು ಮೋಲ್ ಎಂಬುದನ್ನು. ವಸ್ತುವಿನ ಸೂತ್ರತೂಕ ಎಷ್ಟೋ ಅಷ್ಟು ಗ್ರಾಂ ತೆಗೆದುಕೊಂಡರೆ ಅದು ಒಂದು ಮೋಲ್: ಕ್ಯಾಲ್ಷಿಯಂ ಫ್ಲೋರೈಡಿಗೆ 78 ಗ್ರಾಂ, ಕ್ಯಾಲ್ಷಿಯಂಗೆ 40, ಫ್ಲೋರೈಡಿಗೆ 19.

ಒಂದು ಲೀಟರಿನಲ್ಲಿ s ಮೋಲ್‌ನಷ್ಟು ಲವಣ ಕರಗಿತು ಎಂದುಕೊಳ್ಳಿ. ಈ s ಎಂಬುದೇ ಮೋಲಾರ್ ವಿಲೇಯತೆ. ಕರಗಿದ ಪ್ರತಿ CaF₂ ಘಟಕವೂ ಒಂದು ಕ್ಯಾಲ್ಷಿಯಂ ಮತ್ತು ಎರಡು ಫ್ಲೋರೈಡ್ ಕೊಡುತ್ತದೆ. ಆದ್ದರಿಂದ ನೀರಿನಲ್ಲಿ ಕ್ಯಾಲ್ಷಿಯಂ s ಇದ್ದರೆ ಫ್ಲೋರೈಡ್ 2s ಇರುತ್ತದೆ. ಇವನ್ನು ಸೂತ್ರಕ್ಕೆ ಹಾಕೋಣ:

s × (2s)² = 4s³ = 3.45 × 10⁻¹¹

s³ = 8.625 × 10⁻¹²

ಘನಮೂಲ ತೆಗೆಯಲು ಕ್ಯಾಲ್ಕುಲೇಟರ್ ಬೇಕೇಬೇಕು ಎಂದಿಲ್ಲ. ಎರಡರ ಘನ ಎಂಟು, ಹಾಗಾಗಿ 8.625ರ ಘನಮೂಲ ಎರಡಕ್ಕಿಂತ ತುಸು ಹೆಚ್ಚು. ಹತ್ತರ ಘಾತ −12 ಅನ್ನು ಮೂರರಿಂದ ಭಾಗಿಸಿದರೆ −4. ಸರಿಯಾದ ಉತ್ತರ 2.05 × 10⁻⁴ ಮೋಲ್. ಅದನ್ನು 78ರಿಂದ ಗುಣಿಸಿದರೆ ಲೀಟರಿಗೆ 16 ಮಿಲಿಗ್ರಾಂ ಲವಣ ಕರಗಿದೆ ಎಂದಾಯಿತು. ಫ್ಲೋರೈಡ್ ಮಾತ್ರ ಬೇಕಿದ್ದರೆ s ಅನ್ನು ದುಪ್ಪಟ್ಟು ಮಾಡಿ 19ರಿಂದ ಗುಣಿಸಬೇಕು: ಲೀಟರಿಗೆ ಸುಮಾರು 7.8 ಮಿಲಿಗ್ರಾಂ.

ಹದಿನಾರು ಮಿಲಿಗ್ರಾಂ ಕರಗಿದರೆ ಕಣ್ಣಿಗೆ ಏನೂ ಕಾಣದು. ಆದರೆ ಕುಡಿಯುವ ನೀರಿನ ಮಿತಿ ಇರುವುದೇ 1 ಮಿಲಿಗ್ರಾಂ. ‘ಕರಗದ’ ಕಲ್ಲು ಆ ಮಿತಿಯ ಏಳು ಪಟ್ಟಿಗೂ ಮೀರಿ ಫ್ಲೋರೈಡ್ ಬಿಡಬಲ್ಲದು.

ಈ ಲೆಕ್ಕದಲ್ಲಿ ಪಿಯುಸಿ ವಿದ್ಯಾರ್ಥಿಗಳು ಮುಗ್ಗರಿಸುವುದು ಆ ‘2’ರ ಹತ್ತಿರ. ಒಮ್ಮೆ ದುಪ್ಪಟ್ಟು ಮಾಡಿ ಮತ್ತೆ ವರ್ಗವನ್ನೂ ಮಾಡುವುದು ಒಂದೇ ಕೆಲಸವನ್ನು ಎರಡು ಸಲ ಮಾಡಿದಂತಲ್ಲವೇ ಎಂಬುದು ಅವರ ಸಂಶಯ. ಎರಡೂ ಬೇರೆ ಬೇರೆ ಕೆಲಸಗಳು. 2s ಎಂಬುದು ಬರೀ ಎಣಿಕೆ: ಒಂದು ಘಟಕ ಕರಗಿದರೆ ಫ್ಲೋರೈಡ್ ಎರಡು ಬರುತ್ತದೆ. ವರ್ಗ ಬರುವುದು ಸಮತೋಲನದ ನಿಯಮದಿಂದ: ಹರಳು ಮತ್ತೆ ಕಟ್ಟಬೇಕಾದರೆ ಒಂದು ಕ್ಯಾಲ್ಷಿಯಂ ಜೊತೆಗೆ ಎರಡು ಫ್ಲೋರೈಡ್ ಬೇಕು, ಆದ್ದರಿಂದ ಫ್ಲೋರೈಡಿನ ಸಾಂದ್ರತೆ ಗುಣಲಬ್ಧದಲ್ಲಿ ಎರಡು ಸಲ ಬರುತ್ತದೆ. ವರ್ಗ ಮಾಡುವಾಗ s ಜೊತೆಗೆ 2 ಅನ್ನೂ ಸೇರಿಸಿಯೇ ಮಾಡಬೇಕು. ಕಂಸ ಮರೆತು 2s³ ಎಂದು ಬರೆದವರಿಗೆ ಉತ್ತರ 2.58 × 10⁻⁴ ಎಂದು ಬರುತ್ತದೆ. ನೋಡಲು ಅದೂ ಸರಿಯಾದದ್ದೇ ಅನ್ನಿಸುತ್ತದೆ. ತಪ್ಪು ಹಿಡಿಯಲು ಉತ್ತರವನ್ನು ತಿರುಗಿ ಸೂತ್ರಕ್ಕೆ ಹಾಕಿ ನೋಡಬೇಕು. ಕ್ಯಾಲ್ಷಿಯಂ 2.58 × 10⁻⁴, ಫ್ಲೋರೈಡ್ 5.16 × 10⁻⁴ ಎಂದಿಟ್ಟರೆ ಗುಣಲಬ್ಧ 6.9 × 10⁻¹¹ ಆಗುತ್ತದೆ, ಅಂದರೆ ಇರಬೇಕಾದುದರ ದುಪ್ಪಟ್ಟು. ಲೆಕ್ಕ ಎಲ್ಲೋ ತಪ್ಪಿದೆ ಎಂದು ಅಲ್ಲೇ ತಿಳಿಯುತ್ತದೆ.

ಅಯಾನುಗಳ ಎಣಿಕೆ ಎಷ್ಟು ಮುಖ್ಯ ಎಂಬುದು ಎರಡು ಲವಣಗಳನ್ನು ಹೋಲಿಸಿದಾಗ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಹೊಟ್ಟೆಯ ಎಕ್ಸ್‌ರೇ ತೆಗೆಯುವ ಮೊದಲು ಕುಡಿಸುವ ಬೇರಿಯಂ ಸಲ್ಫೇಟಿನ Ksp 1.1 × 10⁻¹⁰. ಇದು ಕ್ಯಾಲ್ಷಿಯಂ ಫ್ಲೋರೈಡಿನ Kspಗಿಂತ ದೊಡ್ಡದು. ಹಾಗಾದರೆ ಬೇರಿಯಂ ಸಲ್ಫೇಟ್ ಹೆಚ್ಚು ಕರಗಬೇಕಲ್ಲವೇ? ಅದು ಕರಗಿದಾಗ ಒಂದು ಬೇರಿಯಂ, ಒಂದು ಸಲ್ಫೇಟ್ ಮಾತ್ರ ಬರುತ್ತವೆ. ಆದ್ದರಿಂದ s² = 1.1 × 10⁻¹⁰, s ಸುಮಾರು 1.05 × 10⁻⁵. ಕ್ಯಾಲ್ಷಿಯಂ ಫ್ಲೋರೈಡಿನ 2.05 × 10⁻⁴ಕ್ಕೆ ಹೋಲಿಸಿದರೆ ಇದು ಇಪ್ಪತ್ತನೇ ಒಂದು ಭಾಗ. Ksp ದೊಡ್ಡದಿರುವ ಲವಣವೇ ಇಲ್ಲಿ ಕಡಿಮೆ ಕರಗುವುದು. ಕರಗಿದಾಗ ಬರುವ ಅಯಾನುಗಳ ಸಂಖ್ಯೆ ಒಂದೇ ಆಗಿದ್ದರೆ ಮಾತ್ರ Kspಗಳನ್ನು ನೇರವಾಗಿ ಹೋಲಿಸಬಹುದು. ಇಲ್ಲದಿದ್ದರೆ ಪ್ರತಿಯೊಂದಕ್ಕೂ s ಕಂಡುಹಿಡಿದೇ ಹೋಲಿಸಬೇಕು.

ಇಲ್ಲಿಯವರೆಗಿನ ಲೆಕ್ಕ ಶುದ್ಧ ನೀರಿನದು. ಕೊಳವೆ ಬಾವಿಯ ನೀರಿನಲ್ಲಿ ಸುಣ್ಣದಂಶದ ಬೇರೆ ಕಲ್ಲುಗಳಿಂದಲೂ ಕ್ಯಾಲ್ಷಿಯಂ ಬಂದಿರುತ್ತದೆ. ಆಗ ಕ್ಯಾಲ್ಷಿಯಂ s, ಫ್ಲೋರೈಡ್ 2s ಎಂಬ ನಂಟು ಮುರಿದುಬೀಳುತ್ತದೆ, 4s³ ಎಂದು ಬರೆಯುವಂತಿಲ್ಲ. ಆದರೆ ಮೂಲ ಸೂತ್ರ ಹಾಗೇ ನಿಲ್ಲುತ್ತದೆ. ನೀರಿನಲ್ಲಿ ಅಳೆದ ಕ್ಯಾಲ್ಷಿಯಂ ಎಷ್ಟೆಂದು ಗೊತ್ತಿದ್ದರೆ, ಫ್ಲೋರೈಟ್ ಕರಗಿ ಫ್ಲೋರೈಡ್ ಎಲ್ಲಿಯವರೆಗೆ ಏರಬಹುದು ಎಂದು ಹೇಳಬಹುದು.

ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಷಿಯಂ ಇರುವ ಗಡಸು ನೀರನ್ನು ನೋಡೋಣ. ನಲವತ್ತರಿಂದ ಭಾಗಿಸಿದರೆ ಅದು 2.5 × 10⁻³ ಮೋಲ್. 3.45 × 10⁻¹¹ ಅನ್ನು ಇದರಿಂದ ಭಾಗಿಸಿ ವರ್ಗಮೂಲ ತೆಗೆದರೆ ಫ್ಲೋರೈಡ್ 1.17 × 10⁻⁴ ಮೋಲ್, ಅಂದರೆ 2.2 ಮಿಲಿಗ್ರಾಂ. ಕ್ಯಾಲ್ಷಿಯಂ ಬರೀ 10 ಮಿಲಿಗ್ರಾಂ ಇರುವ ಮೆದು ನೀರಿನಲ್ಲಿ ಇದೇ ಲೆಕ್ಕಕ್ಕೆ ಬರುವ ಉತ್ತರ ಸುಮಾರು 7 ಮಿಲಿಗ್ರಾಂ. ನೆಲದಡಿಯಲ್ಲಿ ನೀರು ಜೇಡಿಯ ಮೂಲಕ ಹಾಯುವಾಗ ತನ್ನ ಕ್ಯಾಲ್ಷಿಯಂ ಕೊಟ್ಟು ಸೋಡಿಯಂ ತೆಗೆದುಕೊಳ್ಳುವುದುಂಟು. ಸುಣ್ಣದ ಗಂಟುಗಳಾಗಿ ಕ್ಯಾಲ್ಷಿಯಂ ಹೊರಬೀಳುವುದೂ ಉಂಟು. ಹೀಗೆ ಕ್ಯಾಲ್ಷಿಯಂ ಕಳೆದುಕೊಂಡು ಸೋಡಿಯಂ, ಬೈಕಾರ್ಬೊನೇಟ್ ತುಂಬಿಕೊಂಡ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಕಾಣುವುದಕ್ಕೆ ಈ ಲೆಕ್ಕವೇ ಕಾರಣ ಹೇಳುತ್ತದೆ. ಬೇಳೆ ಚೆನ್ನಾಗಿ ಬೇಯಿಸುವ ಮೆದು ನೀರು ಫ್ಲೋರೈಡಿನ ವಿಷಯದಲ್ಲಿ ಸುರಕ್ಷಿತ ಎಂದು ನಂಬುವ ಹಾಗಿಲ್ಲ.

ನಿಮ್ಮ ಬಾವಿಯ ಪರೀಕ್ಷಾ ವರದಿ ಕೈಯಲ್ಲಿದ್ದರೆ ನೀವೂ ನೋಡಬಹುದು. ಕ್ಯಾಲ್ಷಿಯಂ 40, ಫ್ಲೋರೈಡ್ 3 ಮಿಲಿಗ್ರಾಂ ಇದೆ ಎನ್ನಿ. ಮೋಲ್‌ಗೆ ತಿರುಗಿಸಿದರೆ 1 × 10⁻³ ಮತ್ತು 1.58 × 10⁻⁴, ಗುಣಲಬ್ಧ 2.5 × 10⁻¹¹. ಇದು Kspಗಿಂತ ಕಡಿಮೆ. ನೀರು ಇನ್ನೂ ಸಂತೃಪ್ತವಾಗಿಲ್ಲ, ಫ್ಲೋರೈಟ್ ಸಿಕ್ಕರೆ ಇನ್ನಷ್ಟು ಕರಗಿಸಿಕೊಳ್ಳಬಲ್ಲದು. ಒಂದು ಎಚ್ಚರ ಮಾತ್ರ ಬೇಕು. ಹಲವು ವರದಿಗಳಲ್ಲಿ ಗಡಸುತನವನ್ನು ಕ್ಯಾಲ್ಷಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, ‘CaCO₃’ ಎಂದು ಬರೆದು ಕೊಟ್ಟಿರುತ್ತಾರೆ. ಕ್ಯಾಲ್ಷಿಯಂ ಗಡಸುತನದ ಆ ಸಂಖ್ಯೆಯನ್ನು 40ರಿಂದಲ್ಲ, 100ರಿಂದ ಭಾಗಿಸಬೇಕು.

ಈ ಉತ್ತರಗಳನ್ನು ದಶಾಂಶದ ಕೊನೆಯ ಅಂಕಿಯವರೆಗೂ ನಂಬಬೇಕಿಲ್ಲ. ನೀರಿನಲ್ಲಿ ಬೇರೆ ಲವಣಗಳು ಹೆಚ್ಚಿದ್ದರೆ ಅಯಾನುಗಳು ಒಂದನ್ನೊಂದು ಸೆಳೆಯುವ ಬಲ ಕುಗ್ಗಿ, ಫ್ಲೋರೈಟ್ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಕರಗುತ್ತದೆ. ಉಷ್ಣಾಂಶ ಬದಲಾದರೆ Ksp ಬದಲಾಗುತ್ತದೆ. ಪುಸ್ತಕದಿಂದ ಪುಸ್ತಕಕ್ಕೂ ಈ ಬೆಲೆ ಬೇರೆ ಇರುವುದರಿಂದ ಯಾವ ಬೆಲೆ ಹಿಡಿದಿರಿ ಎಂದು ಬರೆದಿಟ್ಟೇ ಲೆಕ್ಕ ಮಾಡಬೇಕು. ಬೇರೆ ಖನಿಜಗಳಿಂದ ಬರುವ ಫ್ಲೋರೈಡಿನ ವೇಗವನ್ನೂ ಈ ಸೂತ್ರ ಹೇಳುವುದಿಲ್ಲ.

ಕ್ಯಾಲ್ಷಿಯಂ ಹೆಚ್ಚಿದಷ್ಟೂ ಫ್ಲೋರೈಡ್ ಇಳಿಯುವುದಾದರೆ ನೀರಿಗೆ ಕ್ಯಾಲ್ಷಿಯಂ ಬೆರೆಸಿಬಿಟ್ಟರಾಯಿತಲ್ಲ ಎಂದು ತೋರಬಹುದು. ಅದಕ್ಕೂ ಉತ್ತರ ಇದೇ ಸೂತ್ರದಲ್ಲಿದೆ. ಫ್ಲೋರೈಡ್ 1.5 ಮಿಲಿಗ್ರಾಂಗೆ ಇಳಿಯಬೇಕಾದರೆ ನೀರಿನಲ್ಲಿ ಲೀಟರಿಗೆ ಸುಮಾರು 220 ಮಿಲಿಗ್ರಾಂ ಕ್ಯಾಲ್ಷಿಯಂ ಉಳಿದಿರಬೇಕು. 1 ಮಿಲಿಗ್ರಾಂಗೆ ಇಳಿಯಬೇಕಾದರೆ ಸುಮಾರು 500. ಕುಡಿಯುವ ನೀರಿನಲ್ಲಿ ಕ್ಯಾಲ್ಷಿಯಂಗಿರುವ ಗರಿಷ್ಠ ಮಿತಿಯೇ 200. ಆದ್ದರಿಂದಲೇ ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನದಲ್ಲಿ ಸುಣ್ಣದ ಜೊತೆಗೆ ಪಟಿಕವನ್ನೂ ಹಾಕುತ್ತಾರೆ. ಅಲ್ಲಿ ಫ್ಲೋರೈಡನ್ನು ಹಿಡಿದು ತಳಕ್ಕೆ ಇಳಿಸುವುದು ಅಲ್ಯುಮಿನಿಯಂ ಹೈಡ್ರಾಕ್ಸೈಡಿನ ಗರಣೆ. ಸುಣ್ಣ ಅಥವಾ ಕ್ಯಾಲ್ಷಿಯಂ ಪುಡಿ ಒಂದರಿಂದಲೇ ಮನೆಯ ನೀರಿನ ಫ್ಲೋರೈಡ್ ಹೋಗಲಾಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ, ಸಂಸ್ಕರಿಸಿದ ನೀರಿನ ಪರೀಕ್ಷಾ ವರದಿ ತೋರಿಸಿ ಎಂದು ಕೇಳಿ.