ವಜಾ ರದ್ದಾಯಿತು, ಬಾಕಿ ಸಂಬಳ?

ಮಹಾರಾಷ್ಟ್ರದ ಶಿಕ್ಷಕಿಯೊಬ್ಬರ ವಜಾ ಆದೇಶವನ್ನು ರದ್ದುಪಡಿಸಿದ ಶಾಲಾ ನ್ಯಾಯಮಂಡಳಿ, ಪೂರ್ಣ ಬಾಕಿ ವೇತನವನ್ನೂ ಕೊಡಿಸಿತು. ಹೈಕೋರ್ಟ್ ಬಾಕಿಯನ್ನು ನಿರಾಕರಿಸಿತು. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮರಳಿ ಕೊಡಿಸಿತು.

ವಜಾ ತಪ್ಪೆಂದಾದರೆ ಬಾಕಿ ವೇತನವೇ ಸಾಮಾನ್ಯ ನಿಯಮ ಎಂದಿತು ಆ ತೀರ್ಪು. ಆದರೆ ಆ ಅವಧಿಯಲ್ಲಿ ತನಗೆ ಬೇರೆ ಕೆಲಸವಿರಲಿಲ್ಲ, ಅಥವಾ ಕಡಿಮೆ ಸಂಬಳಕ್ಕೆ ದುಡಿದೆ ಎಂದು ನೌಕರರು ವಿಚಾರಣೆಯಲ್ಲೇ ಹೇಳಿಕೊಂಡಿರಬೇಕು. ಹಾಗೆ ಹೇಳಿದ ಮೇಲೆ, ಅದು ಸುಳ್ಳೆಂದು ಸಾಬೀತುಪಡಿಸುವ ಹೊಣೆ ಮಾಲೀಕರದು.

ಗೆದ್ದವರ ಬೇಡಿಕೆ ಪತ್ರದಲ್ಲಿ ಆದೇಶದ ದಿನಾಂಕ, ಪ್ರತಿ, ವಜಾದಿಂದ ಮರುಸೇರ್ಪಡೆವರೆಗಿನ ತಿಂಗಳುವಾರು ಲೆಕ್ಕ ಇರಲಿ. ತಿಂಗಳಿಗೆ 20,000 ರೂಪಾಯಿಯಂತೆ 30 ತಿಂಗಳಿಗೆ 6 ಲಕ್ಷ. ಇದರ ಮೇಲೆ ಬರಬೇಕಿದ್ದ ಬಡ್ತಿ ವೇತನ, ತುಟ್ಟಿಭತ್ಯೆ, ಭವಿಷ್ಯನಿಧಿ, ಜ್ಯೇಷ್ಠತೆಯನ್ನು ಬೇರೆ ಬೇರೆಯಾಗಿ ಕೇಳಬೇಕು. ಅಂಚೆಯ ಸ್ವೀಕೃತಿ ಜೋಪಾನ.

ಆದೇಶ ಬಾಕಿ ವೇತನದ ಬಗ್ಗೆ ಮೌನವಾಗಿದ್ದರೆ ಪತ್ರವೊಂದೇ ಸಾಲದು. ವಕೀಲರ ಸಲಹೆ ಪಡೆದು ಮೇಲ್ಮನವಿಯ ಅವಧಿ ಮುಗಿಯುವ ಮೊದಲೇ ಹೆಜ್ಜೆ ಇಡಬೇಕು.