ಕೊಟ್ಟಿಗೆಗೆ ಹೋಗುವ ಬಿಸಿನೀರು ದಾರಿಯಲ್ಲೇ ಎಷ್ಟು ತಣಿಯುತ್ತದೆ?

ಅಂಬಿಕಾನಗರದ ಹತ್ತಿರ ನಮ್ಮ ಮನೆ. ಸೋಲಾರ್ ಟ್ಯಾಂಕ್ ಮಹಡಿ ಮೇಲೆ, ಕೊಟ್ಟಿಗೆ ಹಿತ್ತಲಾಚೆ, ನಡುವೆ 40 ಮೀಟರ್ ಮುಕ್ಕಾಲು ಇಂಚಿನ ಜಿಐ ಪೈಪು. ಚಳಿಗಾಲದ ಬೆಳಗ್ಗೆ ಹಾಲಿನ ಕ್ಯಾನ್ ತೊಳೆಯೋಕೆ ನಲ್ಲಿ ತಿರುಗಿಸಿದರೆ ಮೊದಲು ಬರೋದು ತಣ್ಣೀರೇ. "ದಪ್ಪಗೆ ಏನಾದ್ರೂ ಸುತ್ತಿಬಿಡ್ರೀ" ಅಂದಳು ಮನೆಯಾಕೆ. ಎಷ್ಟು ದಪ್ಪ? ಅಳೆದು ನೋಡೋಣ ಅನಿಸಿತು.

ಬೇಕಾದದ್ದು ಒಂದು ಥರ್ಮಾಮೀಟರ್, ಬಕೆಟ್, ಗಡಿಯಾರ. ನಲ್ಲಿ ಬಿಟ್ಟು, ನೀರಿನ ಬಿಸಿ ಏರೋದು ನಿಂತ ಮೇಲೆ ಎರಡೂ ತುದಿಯಲ್ಲಿ ನೋಡಿದೆ. ಟ್ಯಾಂಕಿನ ಬಳಿ 60 ಡಿಗ್ರಿ, ಕೊಟ್ಟಿಗೆಯಲ್ಲಿ 54. ಹೊರಗಿನ ಗಾಳಿ 15. ನಿಮಿಷಕ್ಕೆ 4 ಲೀಟರ್ ಹರಿವು. ಇಳಿದ ಡಿಗ್ರಿಯನ್ನು ನಿಮಿಷದ ಲೀಟರಿಗೆ ಗುಣಿಸಿ, ಮತ್ತೆ 70ರಿಂದ ಗುಣಿಸಿದರೆ ನಷ್ಟ ವ್ಯಾಟ್‌ನಲ್ಲಿ ಸಿಗುತ್ತದೆ. 6×4×70, ಅಂದರೆ 1680 ವ್ಯಾಟ್, ಮೀಟರಿಗೆ 42. ಹರಿವು ಅರ್ಧಕ್ಕಿಳಿದರೆ ನಷ್ಟ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಆದರೆ ಡಿಗ್ರಿ ಸುಮಾರು ಎರಡುಪಟ್ಟು ಇಳಿಯುತ್ತದೆ. ಅದಕ್ಕೇ ನಲ್ಲಿ ಸಣ್ಣಗೆ ಬಿಟ್ಟವರಿಗೆ ನೀರು ಇನ್ನೂ ತಣ್ಣಗೆ.

ಇನ್ನು ದಪ್ಪದ ಮಾತು. ಅಂಗಡಿಯಲ್ಲಿ ಸಿಗುವ ಕಪ್ಪು ರಬ್ಬರ್ ಫೋಮ್ ಕೊಳವೆಗೆ ಲೆಕ್ಕ ಹಾಕಿದೆ. 9 ಮಿ.ಮೀ. ತೊಡಿಸಿದರೆ ಮೀಟರಿಗೆ ನಷ್ಟ ಸುಮಾರು 15 ವ್ಯಾಟ್, 13ಕ್ಕೆ 12, 19ಕ್ಕೆ 10, 25ಕ್ಕೆ 9. ಮೊದಲ ಪದರವೇ ಬಹುಪಾಲು ಕೆಲಸ ಮುಗಿಸಿಬಿಡುತ್ತದೆ. ನಾವು ದಿನಕ್ಕೆ ಅರ್ಧ ಗಂಟೆ ನೀರು ಬಿಡುವವರು. 13 ಮಿ.ಮೀ. ಹಾಕಿದರೆ ದಿನಕ್ಕೆ ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ಉಳಿಯುತ್ತದೆ. ಅದನ್ನು 25ಕ್ಕೆ ಏರಿಸಿದರೆ ಹೆಚ್ಚುವರಿ ಉಳಿತಾಯ ಯೂನಿಟ್‌ನ ಹತ್ತನೇ ಒಂದು ಭಾಗವೂ ಇಲ್ಲ. 13 ತಂದೆ. ನಿಜ ಹೇಳಬೇಕೆಂದರೆ 9 ಕೂಡ ನಡೀತಿತ್ತು. ದಿನವಿಡೀ ಬಿಸಿನೀರು ಹರಿಯುವ ಕಡೆಗಾದರೆ 25ಕ್ಕೆ ಹಾಕಿದ ದುಡ್ಡು ಹುಟ್ಟೀತು.

ತೊಡಿಸಿದ ಮೇಲೆ ಕೊಟ್ಟಿಗೆಯಲ್ಲಿ 58 ಡಿಗ್ರಿ. ಆದರೆ ಬೆಳಗಿನ ಮೊದಲ ತಣ್ಣೀರು? ಹಾಗೇ ಇತ್ತು! ಈ ಪೈಪಿನಲ್ಲಿ ಮೀಟರಿಗೆ 0.37 ಲೀಟರ್ ಹಿಡಿಯುತ್ತದೆ, ಅಂದರೆ ಒಟ್ಟು ಸುಮಾರು 15 ಲೀಟರ್. ಬರಿ ಪೈಪಿನಲ್ಲಿ ನಿಂತ ನೀರಿನ ಬಿಸಿ ಅರ್ಧ ಗಂಟೆಗೆ ಅರ್ಧವಾದರೆ, ಫೋಮ್ ಇದ್ದರೆ ಒಂದೂವರೆ ಗಂಟೆ ತಡೆಯುತ್ತದೆ ಅಷ್ಟೆ. ರಾತ್ರಿಯಿಡೀ ಯಾವ ದಪ್ಪವೂ ಕಾಯದು. ಅದಕ್ಕೆ ಮದ್ದು ಸಣ್ಣ ಪೈಪು. ಅರ್ಧ ಇಂಚಿನದಾಗಿದ್ದರೆ ಸುಮಾರು 8 ಲೀಟರಲ್ಲಿ ಮುಗೀತಿತ್ತು. ಈಗ ಆ ನೀರನ್ನು ಬಕೆಟ್‌ಗೆ ಹಿಡಿದು ಕೊಟ್ಟಿಗೆ ನೆಲ ತೊಳೆಯುತ್ತೇವೆ.

ನಮ್ಮ ಕಡೆ ಮಳೆಗಾಲ ಗೊತ್ತಲ್ಲ. ಮೊದಲೊಮ್ಮೆ ಗೋಣಿಚೀಲ ಸುತ್ತಿದ್ದೆ. ನೆನೆದು ಒಳಗೆ ಪೈಪೇ ತುಕ್ಕು ಹಿಡಿಯಿತು. ಒದ್ದೆಯಾದ ಹೊದಿಕೆ ಶಾಖವನ್ನು ತಡೆಯುವುದಿಲ್ಲ. ಫೋಮಿನ ಸೀಳು ಕೆಳಮುಖವಾಗಿರಲಿ, ಕೀಲುಗಳಿಗೆ ಅಂಟು ಹಚ್ಚಿ. ಬಿಸಿಲಿಗೆ ಅದು ಬಿರುಕು ಬಿಡುವುದರಿಂದ ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿ. ಮಳೆಗಾಲ ಮುಗಿದ ಮೇಲೆ ಮತ್ತೆ ಎರಡು ತುದಿಯಲ್ಲಿ ಥರ್ಮಾಮೀಟರ್ ಹಿಡಿಯಿರಿ. ಗಾಳಿಯ ಚಳಿ, ಹರಿವು ಮೊದಲಿನಷ್ಟೇ ಇದ್ದೂ 2 ಡಿಗ್ರಿಯ ಇಳಿತ 4ಕ್ಕೆ ಏರಿದ್ದರೆ, ಎಲ್ಲೋ ಒಳಗೆ ನೀರು ಹೊಕ್ಕಿದೆ.