ವಾರ್ಷಿಕ ಶೇ 24ರ ಬಡ್ಡಿ ಶೇ 26.82 ಆಗುವ ಬಗೆ

ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ

ಸಾಲ ಪಡೆಯುವ ಮುನ್ನ ಗ್ರಾಮಸ್ಥರು ಹಾಗೂ ಸ್ವಸಹಾಯ ಸಂಘಗಳ ಮಹಿಳೆಯರು ಹಲವು ವೇಳೆ ಸದಸ್ಯರ ಸಲಹೆ ಕೇಳುತ್ತಾರೆ. ಒಂದು ಕಡೆ ವಾರ್ಷಿಕ ಶೇ 24, ಮತ್ತೊಂದು ಕಡೆ ಶೇ 25 ಬಡ್ಡಿ ಎಂದಿದ್ದರೆ ಮೊದಲನೆಯದೇ ಅಗ್ಗವೆಂದು ತೋರುವುದು ಸಹಜ. ಆದರೆ ಬಡ್ಡಿಯನ್ನು ವರ್ಷದಲ್ಲಿ ಎಷ್ಟು ಬಾರಿ ಅಸಲಿಗೆ ಸೇರಿಸಲಾಗುತ್ತದೆ ಎಂಬುದನ್ನು ತಿಳಿಯದೆ ಈ ತೀರ್ಮಾನಕ್ಕೆ ಬರುವಂತಿಲ್ಲ.

ಸಾಲ ಪತ್ರದಲ್ಲಿ ನಮೂದಿಸುವ ಶೇ 24 ಎಂಬುದು ಘೋಷಿತ ವಾರ್ಷಿಕ ದರ. ಮಾಸಿಕ ಚಕ್ರಬಡ್ಡಿಯಾದಲ್ಲಿ ಇದನ್ನು 12ರಿಂದ ಭಾಗಿಸಿ ತಿಂಗಳಿಗೆ ಶೇ 2ರಂತೆ, ಅಂದರೆ ರೂಢಿಯ ಮಾತಿನಲ್ಲಿ ನೂರಕ್ಕೆ ಎರಡು ರೂಪಾಯಿಯಂತೆ, ಬಡ್ಡಿ ಹಾಕಲಾಗುತ್ತದೆ. ಪಾವತಿಯಾಗದ ಬಡ್ಡಿಯು ತಿಂಗಳ ಕೊನೆಗೆ ಅಸಲಿಗೆ ಸೇರುತ್ತದೆ. ಮುಂದಿನ ತಿಂಗಳು ಆ ಬಡ್ಡಿಗೂ ಬಡ್ಡಿ ಬೀಳುತ್ತದೆ. ಹೀಗೆ ವರ್ಷಾಂತ್ಯಕ್ಕೆ ನಿಜವಾಗಿ ತಗಲುವ ದರವೇ ಪರಿಣಾಮಕಾರಿ ವಾರ್ಷಿಕ ದರ.

ಉದಾಹರಣೆಗೆ, ರೂ. 10,000 ಸಾಲ ಪಡೆದು, ವರ್ಷದ ಕೊನೆಯಲ್ಲಿ ಒಮ್ಮೆಗೇ ತೀರಿಸಲಾಗುತ್ತದೆ ಎಂದಿಟ್ಟುಕೊಳ್ಳಬಹುದು. ಮೊದಲ ತಿಂಗಳ ಬಡ್ಡಿ ರೂ. 200, ಬಾಕಿ ರೂ. 10,200. ಎರಡನೆಯ ತಿಂಗಳ ಬಡ್ಡಿ ರೂ. 204, ಬಾಕಿ ರೂ. 10,404. ಪ್ರತಿ ತಿಂಗಳೂ ಬಾಕಿಯು 1.02 ಪಟ್ಟು ಆಗುವುದರಿಂದ 12 ತಿಂಗಳಿಗೆ ಲೆಕ್ಕ ಹೀಗಾಗುತ್ತದೆ:

```
(1 + 0.24/12)^12 = (1.02)^12 = 1.26824
(1.26824 − 1) × 100 = 26.82
```

ಸಾಮಾನ್ಯ ಕ್ಯಾಲ್ಕುಲೇಟರ್‌ನಲ್ಲಿ 1.02 ಅನ್ನು ಮೂರು ಬಾರಿ ತೆಗೆದುಕೊಂಡು ಗುಣಿಸಿದರೆ 1.061208 ಬರುತ್ತದೆ, ಇದು ಮೂರು ತಿಂಗಳ ಲೆಕ್ಕ. ಇದನ್ನು ಇದರಿಂದಲೇ ಗುಣಿಸಿದರೆ ಆರು ತಿಂಗಳ ಲೆಕ್ಕವಾದ 1.126162 ಬರುತ್ತದೆ. ಅದನ್ನೂ ಅದರಿಂದಲೇ ಗುಣಿಸಿದರೆ ಹನ್ನೆರಡು ತಿಂಗಳ 1.26824 ದೊರೆಯುತ್ತದೆ.

ವರ್ಷಾಂತ್ಯಕ್ಕೆ ತೀರಿಸಬೇಕಾದ ಮೊತ್ತ ಸುಮಾರು ರೂ. 12,682. ವರ್ಷಕ್ಕೊಮ್ಮೆ ಮಾತ್ರ ಬಡ್ಡಿ ಹಾಕುವ ಶೇ 25ರ ಸಾಲದಲ್ಲಿ ತೀರಿಸಬೇಕಾದುದು ರೂ. 12,500. ಕಡಿಮೆ ದರದ್ದೆಂದು ಕಂಡ ಸಾಲವೇ ರೂ. 182 ದುಬಾರಿ.

ಪ್ರತಿ ತಿಂಗಳ ಬಡ್ಡಿಯನ್ನು ಆಯಾ ತಿಂಗಳೇ ಪಾವತಿಸಿದಲ್ಲಿ ಬಾಕಿ ಬೆಳೆಯುವುದಿಲ್ಲ. ಕೈಯಿಂದ ಹೋಗುವ ವರ್ಷದ ಬಡ್ಡಿ ರೂ. 2,400 ಮಾತ್ರ. ಆದರೆ ಆ ಹಣ ವರ್ಷಾಂತ್ಯದವರೆಗೆ ಸಾಲಗಾರರ ಬಳಿ ಉಳಿಯದೆ ತಿಂಗಳು ತಿಂಗಳೂ ಹೊರಹೋಗುತ್ತದೆ. ಸಂಸ್ಕರಣಾ ಶುಲ್ಕ, ವಿಮೆ ಮೊದಲಾದ ಕಡಿತಗಳು ಮೇಲಿನ ಲೆಕ್ಕದಲ್ಲಿ ಸೇರಿಲ್ಲ. ಅವುಗಳಿದ್ದಲ್ಲಿ ಸಾಲದ ವೆಚ್ಚ ಇನ್ನೂ ಹೆಚ್ಚುತ್ತದೆ.

ಆದುದರಿಂದ ಎರಡು ಸಾಲಗಳನ್ನು ಹೋಲಿಸುವಾಗ ಸದಸ್ಯರು ಸಾಲ ಪತ್ರದಲ್ಲಿ ದರದ ಜೊತೆಗೆ ಬಡ್ಡಿಯನ್ನು ಅಸಲಿಗೆ ಸೇರಿಸುವ ಅವಧಿಯನ್ನೂ ನೋಡತಕ್ಕದ್ದು. ಅವಧಿ ಮೂರು ತಿಂಗಳಾಗಿದ್ದರೆ ಸೂತ್ರದಲ್ಲಿ 12ರ ಎರಡೂ ಸ್ಥಾನಗಳಲ್ಲಿ 4 ಬಳಸಬೇಕು. ಎರಡೂ ಸಾಲಗಳನ್ನು ಪರಿಣಾಮಕಾರಿ ವಾರ್ಷಿಕ ದರಕ್ಕೆ ಪರಿವರ್ತಿಸಿದ ಬಳಿಕವೇ ಯಾವುದು ಅಗ್ಗವೆಂದು ಹೇಳಲು ಸಾಧ್ಯ.